27, 48, 42: ಅಮೆರಿಕದ ಫಂಡ್ ಮೂರು ವರ್ಷ ಇಟ್ಟುಕೊಂಡ ಮೇಲೆ

ಮೈಸೂರಿನ ಮನೆಯಲ್ಲಿ ಕೂತು ಅಮೆರಿಕದ ಷೇರು ಕೊಳ್ಳುವ ಒಂದು ಆ್ಯಪ್ ಅನ್ನು ಮೂರು ವರ್ಷ ಬಳಸಿದ್ದೇನೆ. 2022ರ ಜನವರಿಯಲ್ಲಿ ಕೊಂಡೆ, 2025ರ ಜನವರಿಯಲ್ಲಿ ಮಾರಿದೆ. ಕೊಂಡಿದ್ದು ಒಂದೇ ಒಂದು, ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಇಟಿಎಫ್, ಅಂದರೆ ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಒಟ್ಟಿಗೆ ಹಿಡಿದಿರುವ, ಷೇರಿನ ಹಾಗೇ ಕೊಂಡು ಮಾರಬಹುದಾದ ಫಂಡ್. ಆ್ಯಪ್ ಬಗ್ಗೆ ದೊಡ್ಡ ದೂರಿಲ್ಲ. ಖಾತೆ ಎರಡು ದಿನದಲ್ಲಿ ತೆರೆಯಿತು. ಕೊಳ್ಳುವುದು, ಮಾರುವುದು ಸಲೀಸು. ಆದರೆ ಅದು ತೋರಿಸುವ ಲಾಭ ಬೇರೆ, ನನ್ನ ಕೈಗೆ ಬಂದ ಲಾಭ ಬೇರೆ.

ಮೊದಲು ದುಡ್ಡು ಕಳಿಸಿದ ಕಥೆ. ಆ್ಯಪ್‌ಗೆ ಯುಪಿಐ ಮಾಡಿದ ಹಾಗಲ್ಲ ಇದು. ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆಯಾದ ಎಲ್‌ಆರ್‌ಎಸ್ ಅಡಿಯಲ್ಲಿ ನಮ್ಮ ಬ್ಯಾಂಕಿನಿಂದಲೇ ಡಾಲರ್ ಹೋಗಬೇಕು. ಅದಕ್ಕೆ ಎ2 ಫಾರಂ ತುಂಬಬೇಕು. ಹಣ ಯಾತಕ್ಕೆ ಅಂತ ಹೇಳುವ ಕೋಡ್ ನಾನು ತಪ್ಪು ಹಾಕಿದ್ದೆ. ಷೇರಿಗೆ S0001 ಹಾಕಬೇಕಿತ್ತು. ಫಾರಂ ವಾಪಸ್ ಬಂತು, ಮೂರು ದಿನ ಹೋಯಿತು.

ಕಳಿಸಿದ ದಿನ ಮಾರುಕಟ್ಟೆಯಲ್ಲಿ ಡಾಲರ್‌ಗೆ 74.30 ರೂಪಾಯಿ. ಬ್ಯಾಂಕ್ ನನಗೆ ಹಾಕಿದ್ದು 75.50. ಈ 1.20ರ ವ್ಯತ್ಯಾಸವನ್ನು ಯಾರೂ ಶುಲ್ಕ ಅಂತ ಕರೆಯುವುದಿಲ್ಲ, ರಸೀದಿಯಲ್ಲೂ ಕಾಣುವುದಿಲ್ಲ. 2,600 ಡಾಲರ್‌ಗೆ ಅದೇ 3,120 ರೂಪಾಯಿ ಆಯಿತು. ಕಾಣುವ ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ 1,700. ಒಟ್ಟು ನನ್ನ ಖಾತೆಯಿಂದ ಹೋಗಿದ್ದು 1,98,000. ತಿಂಗಳಿಗೆ ಹತ್ತು ಸಾವಿರ ಕಳಿಸುತ್ತಾ ಹೋಗೋಣ ಅನ್ನುವ ಆಸೆ ಅಲ್ಲಿಗೇ ಮುಗಿಯಿತು. ಒಂದು ಸಲಕ್ಕೆ ಸಾವಿರ ರೂಪಾಯಿಯೇ ಶುಲ್ಕ ಅಂದುಕೊಂಡರೂ ಶುರುವಿನಲ್ಲೇ ಶೇ 10 ಕೈಬಿಟ್ಟ ಹಾಗೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಮಾರುಕಟ್ಟೆ ಕುಸಿಯಿತು. ಪರದೆ ಪೂರ್ತಿ ಕೆಂಪು, ಶೇ 21 ನಷ್ಟ. "ಏನ್ರೀ ಇದು, ಎಲ್ಲಾ ಹೋಯ್ತಾ?" ಅಂದಳು ಹೆಂಡತಿ. ಪೇಪರ್ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಅಷ್ಟರಲ್ಲಿ ಡಾಲರ್ 82 ದಾಟಿತ್ತು. ರೂಪಾಯಿಯಲ್ಲಿ ನೋಡಿದರೆ ನಷ್ಟ ಶೇ 12ರ ಆಸುಪಾಸು. ಅವಳಿಗೆ ಅದೂ ಸಮಾಧಾನ ಆಗಲಿಲ್ಲ ಬಿಡಿ.

ಈಗ ಮಾರಿದ ಲೆಕ್ಕ. 2,600 ಡಾಲರ್ 3,300 ಆಗಿತ್ತು, ಅಂದರೆ ಶೇ 27 ಏರಿಕೆ. ಆ್ಯಪ್‌ನಲ್ಲಿ ರೂಪಾಯಿ ಬಟನ್ ಒತ್ತಿದರೆ ಶೇ 48 ಅಂತ ಹಸಿರಾಗಿ ಹೊಳೆಯುತ್ತಿತ್ತು. ಡಾಲರ್ 74.30ರಿಂದ 86.50ಕ್ಕೆ ಹೋಗಿತ್ತಲ್ಲ, ಅದು ಶೇ 16. ಇವೆರಡನ್ನೂ ಸುಮ್ನೆ ಕೂಡಿಸಬಾರದು, ಗುಣಿಸಬೇಕು: 1.27 × 1.164. ಆದರೆ ಆ ಬಟನ್ ಎರಡೂ ಕಡೆ ಮಾರುಕಟ್ಟೆ ದರವನ್ನೇ ಹಿಡಿಯುತ್ತದೆ. ನಾನು ಕೊಂಡಿದ್ದು ಜಾಸ್ತಿ ದರಕ್ಕೆ. ವಾಪಸ್ ಬರುವಾಗ ಬ್ಯಾಂಕ್ ಕೊಟ್ಟಿದ್ದು 85.50. ಹಣ ಹಿಂತೆಗೆಯುವ ಶುಲ್ಕ 10 ಡಾಲರ್ ಬೇರೆ. ಕೊನೆಗೆ ಖಾತೆಗೆ ಬಂದಿದ್ದು 2,81,000, ಅಂದರೆ ಶೇ 42. ಡಿವಿಡೆಂಡ್ ಇದರಲ್ಲಿ ಸೇರಿಸಿಲ್ಲ. ಅದರಲ್ಲಿ ಶೇ 25 ಅಮೆರಿಕದಲ್ಲೇ ಕಡಿತ ಆಗುತ್ತದೆ, ಉಳಿದ ಚಿಲ್ಲರೆ ಇನ್ನೂ ಅಲ್ಲೇ ಇದೆ.

ತೆರಿಗೆ ಹಾಕುವುದೂ ರೂಪಾಯಿ ಲಾಭದ ಮೇಲೆ. ಡಾಲರ್ ಏರಿದ್ದಕ್ಕೂ ತೆರಿಗೆ ಕಟ್ಟಬೇಕು ಅಂತ ನನಗೆ ಮೊದಲು ಹೊಳೆದಿರಲಿಲ್ಲ. ಷೇರಿನ ಬೆಲೆ ಇದ್ದಲ್ಲೇ ಇದ್ದು ಡಾಲರ್ ಮಾತ್ರ ಮೇಲೆ ಹೋದರೂ ಕಟ್ಟಲೇಬೇಕು. 24 ತಿಂಗಳು ದಾಟಿದ್ದರಿಂದ ಶೇ 12.5, ಸೆಸ್ ಸೇರಿ ನನಗೆ ಸುಮಾರು 10,800. ಉಳಿದಿದ್ದು ಶೇ 36 ಚಿಲ್ಲರೆ.

ಅದೇ ಮೂರು ವರ್ಷದಲ್ಲಿ ನಮ್ಮ ನಿಫ್ಟಿ 18,200ರ ಆಸುಪಾಸಿನಿಂದ 23,300ಕ್ಕೆ ಬಂದಿತ್ತು. ಅದೂ ಹೆಚ್ಚುಕಮ್ಮಿ ಶೇ 28! ಅಂದರೆ ಅಮೆರಿಕದ ಕಂಪನಿಗಳಿಂದ ನನಗೇನೂ ಹೆಚ್ಚು ಸಿಗಲಿಲ್ಲ. ಹೆಚ್ಚು ಸಿಕ್ಕಿದ್ದೆಲ್ಲ ರೂಪಾಯಿ ಬಿದ್ದಿದ್ದರಿಂದ. ರೂಪಾಯಿ ಯಾವಾಗಲೂ ಬೀಳುತ್ತೆ ಅಲ್ವಾ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. 2003ರ ಶುರುವಿನಲ್ಲಿ ಡಾಲರ್‌ಗೆ 48 ರೂಪಾಯಿ ಇತ್ತು, 2007ರ ಕೊನೆಗೆ 39ಕ್ಕೆ ಇಳಿದಿತ್ತು. ಆಗ ಯಾರಾದರೂ ನನ್ನ ಹಾಗೇ ಡಾಲರ್‌ನಲ್ಲಿ ಶೇ 27 ಗಳಿಸಿದ್ದರೆ, ರೂಪಾಯಿಯಲ್ಲಿ ಕೈಗೆ ಬರುತ್ತಿದ್ದುದು ಶೇ 3. ಅದೂ ಬ್ಯಾಂಕಿನ ಪಾಲು ಕಳೆಯುವ ಮೊದಲು.

ಮಗಳನ್ನು ಮುಂದೆ ಹೊರದೇಶದಲ್ಲಿ ಓದಿಸುವ ಯೋಚನೆ ಇದೆ. ಅವಳ ಫೀಸು ಹೇಗೂ ಡಾಲರ್‌ನಲ್ಲೇ ಕಟ್ಟಬೇಕು, ಹಾಗಾಗಿ ಮತ್ತೆ ಕಳಿಸಿದ್ದೇನೆ. ಈ ಸಲ ವರ್ಷಕ್ಕೆ ಒಂದೇ ಕಂತು. ಕಳಿಸುವ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಆ ದಿನದ ದರ ಕೇಳಿದೆ. ಸ್ವಲ್ಪ ಚೌಕಾಸಿ ಮಾಡಿದ್ದಕ್ಕೆ 40 ಪೈಸೆ ಬಿಟ್ಟರು. ಆ್ಯಪ್‌ಗೆ ಐದಕ್ಕೆ ಮೂರು ಸ್ಟಾರ್. ಒಂದು ಕಳೆದಿದ್ದು ಆ ರೂಪಾಯಿ ಬಟನ್‌ಗೆ. ಇನ್ನೊಂದು, ತೆರಿಗೆ ರಿಟರ್ನ್ಸ್‌ನ ಹೊರದೇಶದ ಆಸ್ತಿ ತೋರಿಸುವ ಭಾಗವಾದ Schedule FAಗೆ ಬೇಕಾದ ಜನವರಿಯಿಂದ ಡಿಸೆಂಬರ್ ಲೆಕ್ಕ ಕೇಳಿದರೆ ಏಪ್ರಿಲ್‌ನಿಂದ ಮಾರ್ಚ್‌ನದ್ದು ಕಳಿಸಿದ್ದಕ್ಕೆ.