ಸ್ಪ್ಯಾಮ್ ದರ ಸೊನ್ನೆ ಇದ್ದರೂ ಮೇಲ್ ತಲುಪದಿದ್ದಾಗ: ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್, ದೀರ್ಘಕಾಲದ ಬಳಕೆಯ ನಂತರ

ಜಿಮೇಲ್‌ಗೆ ಹೋದ ನಮ್ಮ ಮೇಲ್‌ಗಳ ಸ್ಥಿತಿಯನ್ನು ತೋರಿಸುವ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ತೆರೆದವರ ಕಣ್ಣು ಮೊದಲು ಹೋಗುವುದು ಸ್ಪ್ಯಾಮ್ ದರದ ಗೆರೆಯ ಮೇಲೆ. ಅದು ಸೊನ್ನೆಗೆ ಅಂಟಿಕೊಂಡಿದ್ದರೆ ನಮ್ಮ ಮೇಲ್‌ಗಳೆಲ್ಲ ಇನ್‌ಬಾಕ್ಸ್ ಸೇರುತ್ತಿವೆ ಎಂದುಕೊಂಡು ಪುಟ ಮುಚ್ಚುತ್ತಾರೆ. ಆ ಗೆರೆ ಹೇಳುವ ಮಾತು ಅದಲ್ಲ. ಇನ್‌ಬಾಕ್ಸ್‌ಗೆ ಬಂದ ಮೇಲ್‌ಗಳಲ್ಲಿ ಎಷ್ಟನ್ನು ಜನ ಸ್ಪ್ಯಾಮ್ ಎಂದು ಗುರುತು ಹಾಕಿದರು ಎಂಬುದಷ್ಟೇ ಅದರ ಲೆಕ್ಕ. ನೇರವಾಗಿ ಸ್ಪ್ಯಾಮ್ ಫೋಲ್ಡರ್‌ಗೆ ಹೋದ ಮೇಲ್ ಮೇಲೆ ಯಾರೂ ದೂರು ಕೊಡುವುದಿಲ್ಲ, ಹಾಗಾಗಿ ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಮೇಲ್ ನಮ್ಮ ಡೊಮೇನ್‌ನದೇ ಎಂದು ಸಾಬೀತುಪಡಿಸುವ ಡಿಕಿಮ್ ಎಂಬ ಡಿಜಿಟಲ್ ಸಹಿ ಪಾಸಾಗದ ಮೇಲ್ ಕೂಡ ಇದರಲ್ಲಿ ಸೇರುವುದಿಲ್ಲ. ಇಷ್ಟನ್ನು ತಿಳಿದುಕೊಂಡು ಬಳಸುವವರಿಗೆ ಇದು ಬಹಳ ಉಪಯುಕ್ತ ಸಾಧನ, ಅದೂ ಉಚಿತ. ತಿಳಿಯದೆ ಬಳಸಿದರೆ ಇದು ಸುಳ್ಳು ಧೈರ್ಯ ಕೊಡುತ್ತದೆ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಮಾರಾಟದ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಡಿಸೆಂಬರ್ ಕೊನೆಯಿಂದ ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರತೊಡಗಿದರೆ ನಮ್ಮ ದರಪತ್ರಗಳೂ ಹೊರಡುತ್ತವೆ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದ ಸಗಟು ವ್ಯಾಪಾರಿಗಳಲ್ಲಿ ನಮ್ಮನ್ನು ಅರಿಯದವರಿಗೂ ಬರೆಯುತ್ತೇವೆ. ವಿಳಾಸಗಳನ್ನು ಅವರೇ ವ್ಯಾಪಾರಕ್ಕೆಂದು ಪ್ರಕಟಿಸಿರುವ ಕಡೆಯಿಂದ ಮಾತ್ರ ತೆಗೆದುಕೊಳ್ಳುತ್ತೇವೆ, ಹಣ ಕೊಟ್ಟು ಪಟ್ಟಿ ಕೊಳ್ಳುವುದಿಲ್ಲ. ಈ ವ್ಯಾಪಾರಿಗಳಲ್ಲಿ ಬಹುಪಾಲು ಜನರದು ಸಾಮಾನ್ಯ ಜಿಮೇಲ್ ವಿಳಾಸ. ಪೋಸ್ಟ್‌ಮಾಸ್ಟರ್ ಟೂಲ್ಸ್ ತೋರಿಸುವುದೂ ವೈಯಕ್ತಿಕ ಜಿಮೇಲ್ ಖಾತೆಗಳಿಗೆ ಹೋದ ಮೇಲ್‌ಗಳ ಮಾಹಿತಿಯನ್ನೇ, ಆದ್ದರಿಂದ ನಮಗೆ ಅದು ಸರಿಹೊಂದಿತು. ನಿಮ್ಮ ಗ್ರಾಹಕರೆಲ್ಲ ದೊಡ್ಡ ಕಂಪನಿಗಳ ಸ್ವಂತ ಡೊಮೇನ್‌ನವರಾಗಿದ್ದರೆ ಇದರಿಂದ ನಿಮಗೆ ಸಿಗುವುದು ಕಡಿಮೆ.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೊಮೇನ್ ಹೆಸರು ಸೇರಿಸಬೇಕು, ಅದು ಕೊಡುವ ಟಿಎಕ್ಸ್‌ಟಿ ಎಂಬ ಒಂದು ಪಠ್ಯ ದಾಖಲೆಯನ್ನು, ಡೊಮೇನ್‌ನ ದಾಖಲೆಗಳಿರುವ ಡಿಎನ್‌ಎಸ್‌ನಲ್ಲಿ ಹಾಕಿ ಒಡೆತನ ದೃಢಪಡಿಸಬೇಕು. ಮಾಹಿತಿ ತುಂಬಿಕೊಳ್ಳಲು ಕೆಲವು ದಿನ ಬೇಕು.

ಈ ಸಾಧನವನ್ನು ಓದುವುದು ಹೇಗೆಂದು ನನಗೆ ಕಲಿಸಿದ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಹಂಗಾಮಿನ ಆರಂಭದಲ್ಲಿ ನಮ್ಮ ದರಪತ್ರಗಳಿಗೆ ಜಿಮೇಲ್‌ನವರಿಂದ ಉತ್ತರ ಬರುವುದು ಹಠಾತ್ತನೆ ನಿಂತಿತು. ಬೇರೆ ಡೊಮೇನ್‌ಗಳಲ್ಲಿದ್ದ ಕೆಲವರು ಎಂದಿನಂತೆ ಉತ್ತರಿಸುತ್ತಿದ್ದರು. ಸ್ಪ್ಯಾಮ್ ದರ ಸೊನ್ನೆಯಲ್ಲೇ ಇತ್ತು. ಪರಿಚಯದ ಸೊಲ್ಲಾಪುರದ ವ್ಯಾಪಾರಿಯೊಬ್ಬರಿಗೆ ಫೋನ್ ಮಾಡಿ, ನಮ್ಮ ಮೇಲ್ ತೆರೆದು, ಅದರ ತಾಂತ್ರಿಕ ವಿವರ ತೋರಿಸುವ “ಶೋ ಒರಿಜಿನಲ್” ಒತ್ತಿ ಅದರ ಚಿತ್ರ ಕಳಿಸಿ ಎಂದು ಕೇಳಿಕೊಂಡೆ. “ರಾಯರೇ, ನಿಮ್ಮ ಮೇಲ್ ಸ್ಪ್ಯಾಮ್‌ನಲ್ಲಿ ಸಿಕ್ಕಿತು” ಎನ್ನುತ್ತಲೇ ಅವರು ಕಳಿಸಿದರು. ನಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದೆಂದು ಹೇಳುವ ದಾಖಲೆಯಾದ ಎಸ್‌ಪಿಎಫ್ ಮುಂದೆ `PERMERROR`, ಅಂದರೆ ದಾಖಲೆಯಲ್ಲೇ ದೋಷ, ಎಂದಿತ್ತು. ಡಿಕಿಮ್ ಪಾಸಾಗಿರಲಿಲ್ಲ. ಅದೇ ವಾರ ಹಿಂತಿರುಗಿ ಬಂದ ಕೆಲವು ಮೇಲ್‌ಗಳಲ್ಲಿ `550-5.7.26` ಎಂಬ ಸಂಖ್ಯೆಯೂ ಇತ್ತು. ಕಳಿಸಿದವರ ಗುರುತು ದೃಢಪಡಲಿಲ್ಲ ಎಂದು ಜಿಮೇಲ್ ತಿರಸ್ಕರಿಸುವಾಗ ಕೊಡುವ ಸಂಖ್ಯೆ ಇದು.

ಆದದ್ದು ಇಷ್ಟು. ಬಿಲ್ ಕಳಿಸಲು ನಾವು ಹೊಸದಾಗಿ ತೆಗೆದುಕೊಂಡಿದ್ದ ಸೇವೆಯ ತಂತ್ರಜ್ಞರು ತಮ್ಮ ಎಸ್‌ಪಿಎಫ್ ದಾಖಲೆಯನ್ನು ಹಳೆಯದರ ಪಕ್ಕದಲ್ಲಿ ಎರಡನೆಯದಾಗಿ ಹಾಕಿದ್ದರು. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಎರಡಿದ್ದರೆ ಸ್ವೀಕರಿಸುವ ಸರ್ವರ್ ಯಾವುದನ್ನೂ ಆರಿಸಿಕೊಳ್ಳುವುದಿಲ್ಲ, ದೋಷವೆಂದು ಗುರುತಿಸುತ್ತದೆ. ಎರಡನ್ನೂ ಕೂಡಿಸಿ ಹೀಗೆ ಬರೆಯಬೇಕಿತ್ತು:

```
v=spf1 include:_spf.google.com include:_spf.bill.example ~all
```

ಡೊಮೇನನ್ನು ಬೇರೆ ಡಿಎನ್‌ಎಸ್ ಸೇವೆಗೆ ಸ್ಥಳಾಂತರಿಸುವಾಗ ನಮ್ಮ ಡಿಕಿಮ್ ಕೀ ಅರ್ಧಕ್ಕೆ ತುಂಡಾಗಿತ್ತು. 2048 ಬಿಟ್‌ನ ಕೀ 255 ಅಕ್ಷರಗಳಿಗಿಂತ ಉದ್ದ, ಟಿಎಕ್ಸ್‌ಟಿ ದಾಖಲೆಯ ಒಂದು ತುಣುಕಿನಲ್ಲಿ ಹಿಡಿಸುವುದಿಲ್ಲ. ಉದ್ಧರಣ ಚಿಹ್ನೆಗಳ ಒಳಗೆ ಎರಡು ತುಣುಕು ಮಾಡಿ ಒಂದೇ ದಾಖಲೆಯಾಗಿ ಹಾಕಬೇಕು. ಕೆಲವು ಡಿಎನ್‌ಎಸ್ ಸೇವೆಗಳು ಇದನ್ನು ತಾವೇ ಮಾಡುತ್ತವೆ, ಕೆಲವು ಸುಮ್ಮನೆ ಕತ್ತರಿಸಿಬಿಡುತ್ತವೆ.

ಹಾಗಾದರೆ ಸ್ಪ್ಯಾಮ್ ದರ ಸೊನ್ನೆ ಇದ್ದದ್ದೇಕೆ? ಬಿಲ್ ಸೇವೆಗೆ ತನ್ನದೇ ಪ್ರತ್ಯೇಕ ಡಿಕಿಮ್ ಕೀ ಇತ್ತು, ಅದು ಸರಿಯಾಗಿ ಕೆಲಸ ಮಾಡುತ್ತಿತ್ತು. ಬಿಲ್‌ಗಳು ಹಳೆಯ ಗ್ರಾಹಕರಿಗೆ ಹೋಗುತ್ತವೆ, ಅವುಗಳ ಮೇಲೆ ಯಾರೂ ದೂರು ಕೊಡುವುದಿಲ್ಲ. ದರಪತ್ರಗಳು ಡಿಕಿಮ್ ಪಾಸಾಗದೆ ಲೆಕ್ಕದಿಂದಲೇ ಹೊರಬಿದ್ದಿದ್ದವು. ನಾವು ನೋಡುತ್ತಿದ್ದ ಸೊನ್ನೆ ಬಿಲ್‌ಗಳ ಸೊನ್ನೆ. ಅದೇ ಸಾಧನದ ದೃಢೀಕರಣದ ಪುಟದಲ್ಲಿ ಎಸ್‌ಪಿಎಫ್ ಗೆರೆ ಕೆಳಗೆ ಬಿದ್ದದ್ದು ಸ್ಪಷ್ಟವಾಗಿ ಕಾಣುತ್ತಿತ್ತು, “ಕಂಪ್ಲಯನ್ಸ್ ಸ್ಟೇಟಸ್” ಪುಟವೂ ಸರಿಪಡಿಸಬೇಕಾದುದಿದೆ ಎಂದು ತೋರಿಸುತ್ತಿತ್ತು. ಅಂದಿನಿಂದ ನಾನು ಮೊದಲು ತೆರೆಯುವುದು ಈ ಎರಡು ಪುಟಗಳನ್ನು. ಸ್ಪ್ಯಾಮ್ ದರ ಕೊನೆಗೆ.

ದಾಖಲೆ ಸರಿಪಡಿಸಿದ ಮರುದಿನವೇ ಪಾಸ್ ಎಂದು ಬಂದಿತು, ಆದರೆ ಇನ್‌ಬಾಕ್ಸ್ ಅಷ್ಟು ಬೇಗ ಮರಳಲಿಲ್ಲ. ಗುರುತು ದೃಢಪಟ್ಟರೆ ನೀವು ಯಾರೆಂಬುದು ಖಚಿತವಾಯಿತು ಅಷ್ಟೆ, ನಿಮ್ಮ ಮೇಲ್ ಬೇಕಾದದ್ದೋ ಅಲ್ಲವೋ ಎಂಬುದನ್ನು ಓದುವವರ ನಡವಳಿಕೆ ತೀರ್ಮಾನಿಸುತ್ತದೆ. ನಾವು ಹೊಸಬರಿಗೆ ಕಳಿಸುವುದನ್ನು ನಿಲ್ಲಿಸಿ, ಈ ಮೊದಲು ಉತ್ತರಿಸಿದ್ದವರಿಗೆ ಮಾತ್ರ ಬರೆಯತೊಡಗಿದೆವು. ಅವರ ಉತ್ತರಗಳು ಬರುವುದು ಸ್ಥಿರವಾದ ಮೇಲೆ ದಿನಕ್ಕೆ ಇಪ್ಪತ್ತು ಮೂವತ್ತು ಹೊಸಬರನ್ನು ಸೇರಿಸಿ, ನಂತರ ಮೆಲ್ಲಗೆ ಏರಿಸಿದೆವು.

ಆಗಲೇ ದರಪತ್ರಗಳನ್ನು ಪ್ರತ್ಯೇಕ ಉಪಡೊಮೇನ್‌ಗೆ ವರ್ಗಾಯಿಸಿದೆವು. ಉಪಡೊಮೇನ್‌ನ ಹೆಸರಿನಲ್ಲೇ ಡಿಕಿಮ್ ಸಹಿ ಹಾಕಿದರೆ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಅದನ್ನು ಬೇರೆಯಾಗಿ ಸೇರಿಸಿ ಅದರ ಗೆರೆಯನ್ನೇ ನೋಡಬಹುದು, ಬಿಲ್‌ಗಳ ಒಳ್ಳೆಯ ಹೆಸರು ದರಪತ್ರಗಳ ದೋಷವನ್ನು ಮುಚ್ಚುವುದಿಲ್ಲ. ಹಾಗೆಂದು ಇದು ಪೂರ್ತಿ ಗೋಡೆಯಲ್ಲ. ಉಪಡೊಮೇನ್ ತುಂಬ ಕೆಟ್ಟರೆ ಮೂಲ ಡೊಮೇನ್‌ಗೂ ಬಿಸಿ ತಟ್ಟಬಹುದು. ಮಿಲ್ಲಿನ ಹೆಸರನ್ನೇ ಹೋಲುವ ಹತ್ತು ಡೊಮೇನ್ ಕೊಂಡು, ಒಂದು ಕೆಟ್ಟರೆ ಇನ್ನೊಂದರಿಂದ ಕಳಿಸಿ ಎಂದು ಸಲಹೆ ಕೊಡುವವರಿದ್ದಾರೆ. ಅದು ನನಗೆ ಸಮ್ಮತವಿಲ್ಲ. ಹೊಸ ಡೊಮೇನ್‌ಗೆ ಯಾವ ಹೆಸರೂ ಇರುವುದಿಲ್ಲ, ಪ್ರತಿ ಸಲ ಮೊದಲಿನಿಂದ ಗಳಿಸಬೇಕು. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ತೊಗರಿಬೇಳೆಯನ್ನು ಊರಿನ ಹೆಸರು ಹೇಳಿ ಮಾರುವವರು ನಾವು. ಪತ್ರವನ್ನು ಮಾತ್ರ ಮರೆಮಾಚಿದ ಹೆಸರಿನಿಂದ ಕಳಿಸುವುದು ಸರಿಯೆನಿಸುವುದಿಲ್ಲ.

ಸ್ಪ್ಯಾಮ್ ದರ 0.1 ಶೇಕಡಕ್ಕಿಂತ ಕೆಳಗಿರಬೇಕು, 0.3 ಶೇಕಡವನ್ನು ಎಂದೂ ಮುಟ್ಟಬಾರದು ಎಂಬುದು ಗೂಗಲ್‌ನ ಸೂಚನೆ. ದೊಡ್ಡವರಿಗೆ ಇದು ಶೇಕಡ, ನಮ್ಮಂಥವರಿಗೆ ಇದು ಒಬ್ಬ ಮನುಷ್ಯ. ದಿನಕ್ಕೆ ಮುನ್ನೂರು ಮೇಲ್ ಇನ್‌ಬಾಕ್ಸ್ ಸೇರಿ ಒಬ್ಬರು ಸ್ಪ್ಯಾಮ್ ಒತ್ತಿದರೆ 0.33 ಶೇಕಡ ಆಯಿತು, ಗೆರೆ ಕೆಂಪು ದಾಟಿತು. ಒಂದು ದಿನದ ನೆಗೆತಕ್ಕೆ ಹೆದರಬೇಕಿಲ್ಲ, ಕೆಲವು ವಾರಗಳನ್ನು ಒಟ್ಟಿಗೆ ನೋಡಬೇಕು. ಆದರೆ ಆ ಒಬ್ಬರಿಗೆ ಸ್ಪ್ಯಾಮ್ ಗುಂಡಿಗಿಂತ ಸುಲಭವಾದ ದಾರಿ ಕೊಡುವುದು ನಮ್ಮ ಕೈಯಲ್ಲಿದೆ. ನಮ್ಮ ಗೆರೆಯನ್ನು ಕೆಳಗಿಳಿಸಿದ್ದು ಪತ್ರದ ಬಣ್ಣನೆಯ ಮಾತುಗಳಿಗಿಂತ ಹೆಚ್ಚಾಗಿ ಈ ಎರಡು ಸಾಲುಗಳು:

```
List-Unsubscribe: <https://dara.mill.example/u?id=7f3k>
List-Unsubscribe-Post: List-Unsubscribe=One-Click
```

ಇವು ಓದುವವರಿಗೆ ನೇರವಾಗಿ ಕಾಣದ, ಮೇಲ್‌ನ ಹೆಡರ್ ಎಂಬ ತಾಂತ್ರಿಕ ತಲೆಬರಹದಲ್ಲಿ ಇರುತ್ತವೆ. ಇವಿದ್ದರೆ ಜಿಮೇಲ್ ಕಳಿಸಿದವರ ಹೆಸರಿನ ಪಕ್ಕದಲ್ಲೇ “ಅನ್‌ಸಬ್‌ಸ್ಕ್ರೈಬ್” ತೋರಿಸಬಲ್ಲದು. ತೋರಿಸಿಯೇ ತೀರುತ್ತದೆ ಎಂದಿಲ್ಲ, ಅದು ಜಿಮೇಲ್‌ನ ನಿರ್ಧಾರ. ಎರಡೂ ಸಾಲುಗಳು ಡಿಕಿಮ್ ಸಹಿಯ ವ್ಯಾಪ್ತಿಯಲ್ಲಿರಬೇಕು. ಎರಡನೆಯ ಸಾಲು ಏಕೆ ಬೇಕೆಂದರೆ, ಹಲವು ಕಚೇರಿಗಳ ಭದ್ರತಾ ತಂತ್ರಾಂಶಗಳು ಮೇಲ್‌ನಲ್ಲಿರುವ ಕೊಂಡಿಗಳನ್ನು ತಾವೇ ತೆರೆದು ಪರೀಕ್ಷಿಸುತ್ತವೆ. ಕೊಂಡಿ ತೆರೆದ ಮಾತ್ರಕ್ಕೆ ಹೆಸರು ತೆಗೆದರೆ, ಬೇಡ ಎನ್ನದವರ ಹೆಸರೂ ಪಟ್ಟಿಯಿಂದ ಹೋಗುತ್ತದೆ. ಗುಂಡಿ ಒತ್ತಿದಾಗ ಮಾತ್ರ `POST` ವಿನಂತಿ ಬರುತ್ತದೆ, ಅದು ಬಂದಾಗ ಮತ್ತೇನೂ ಕೇಳದೆ ಹೆಸರು ತೆಗೆಯಬೇಕು. ವೈಯಕ್ತಿಕ ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರ ಪ್ರಚಾರ ಮೇಲ್‌ಗಳಿಗೆ 2024ರಿಂದ ಇದು ಕಡ್ಡಾಯ, ಎರಡು ದಿನದೊಳಗೆ ಹೆಸರು ತೆಗೆಯಬೇಕೆಂಬುದೂ ಅದರ ಭಾಗ. ನಾವು ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ, ಆದರೂ ಪಾಲಿಸುತ್ತೇವೆ.

ಪತ್ರದ ಒಳಗೂ, ಸಹಿಗಿಂತ ಮೇಲೆ, “ಈ ದರಪತ್ರ ಬೇಡವಾದರೆ ‘ಬೇಡ’ ಎಂದಷ್ಟೇ ಉತ್ತರಿಸಿ” ಎಂಬ ಸಾಲನ್ನು ಓದುವವರ ಭಾಷೆಯಲ್ಲಿ ಬರೆಯುತ್ತೇವೆ. ಕೊಂಡಿ ಒತ್ತಲು ಹಿಂಜರಿಯುವ ಹಿರಿಯ ವ್ಯಾಪಾರಿಗಳು ಇದನ್ನೇ ಬಳಸುತ್ತಾರೆ. ಬೇಡ ಎಂದವರ ಪಟ್ಟಿಯನ್ನು ಮಿಲ್ಲಿಗೆಲ್ಲ ಒಂದೇ ಕಡೆ ಇಡಬೇಕು, ಪ್ರತಿ ಹಂಗಾಮಿನ ಹೊಸ ವಿಳಾಸಗಳನ್ನು ಮೊದಲು ಅದರ ಮೂಲಕ ಸೋಸಬೇಕು. ಬೇಡ ಎಂದ ಮೇಲೂ ಪತ್ರ ಬಂದವರು ಎರಡನೆಯ ಸಲ “ಅನ್‌ಸಬ್‌ಸ್ಕ್ರೈಬ್” ಹುಡುಕುವುದಿಲ್ಲ, ನೇರವಾಗಿ ಸ್ಪ್ಯಾಮ್ ಒತ್ತುತ್ತಾರೆ. ನಮ್ಮ ಸಾಹುಕಾರರು ಮೊದಲು ಇದಕ್ಕೆ ಒಪ್ಪಿರಲಿಲ್ಲ. “ಗಿರಾಕಿಯನ್ನು ನಾವೇ ಕಳುಹಿಸಿಕೊಟ್ಟಂತಾಗುವುದಿಲ್ಲವೇ?” ಎಂದು ಕೇಳಿದ್ದರು. ಬೇಡ ಎಂದವರ ಪಟ್ಟಿಯನ್ನು ಮುಂದಿಟ್ಟೆ. ಅದರಲ್ಲಿ ನಮ್ಮಿಂದ ಬೇಳೆ ಕೊಂಡ ಒಬ್ಬರೂ ಇರಲಿಲ್ಲ.

ಇನ್ನು ಮಿತಿಗಳು. ಕಡಿಮೆ ಮೇಲ್ ಕಳಿಸಿದ ದಿನಗಳಿಗೆ ಇದು ಏನನ್ನೂ ತೋರಿಸುವುದಿಲ್ಲ. ಹಂಗಾಮು ಮುಗಿದ ಮೇಲೆ ನಮ್ಮ ಗೆರೆಗಳೆಲ್ಲ ಖಾಲಿ. ಯಾರು ದೂರು ಕೊಟ್ಟರು ಎಂಬುದು ಎಂದೂ ತಿಳಿಯುವುದಿಲ್ಲ, ತಿಳಿಯಬಾರದು ಕೂಡ. ಹಿಂದೆ ಡೊಮೇನ್‌ನ ಖ್ಯಾತಿಯನ್ನು ಉತ್ತಮ, ಮಧ್ಯಮ, ಕಡಿಮೆ, ಕೆಟ್ಟದ್ದು ಎಂದು ತೋರಿಸುತ್ತಿದ್ದ ಪುಟ ಹೊಸ ಆವೃತ್ತಿಯಲ್ಲಿಲ್ಲ. ಅದು ಹೋದದ್ದು ನಷ್ಟವೇ, ಏಕೆಂದರೆ ಸ್ಪ್ಯಾಮ್ ದರ ಸುಮ್ಮನಿದ್ದಾಗಲೂ ಆ ಪುಟ ಕುಸಿತವನ್ನು ಹೇಳುತ್ತಿತ್ತು. ದಿನಕ್ಕೆ ಐವತ್ತು ಮೇಲ್ ಕಳಿಸುವ ಬೀದರ್‌ನ ಬಿದ್ರಿ ಅಂಗಡಿಯವರು ಅಥವಾ ಯಾದಗಿರಿಯ ಹತ್ತಿ ವ್ಯಾಪಾರಿಗಳು ಇದರ ಗೆರೆಗಳನ್ನು ನಂಬಿ ಕೂರಬಾರದು. ಅವರಿಗೆ ಹಿಂತಿರುಗಿದ ಮೇಲ್‌ಗಳ ಸಂಖ್ಯೆಗಳು, ಪರಿಚಯದವರೊಬ್ಬರ ಜಿಮೇಲ್‌ನಲ್ಲಿ ತೆರೆದು ನೋಡಿದ ಒರಿಜಿನಲ್, ನಮ್ಮ ಹೆಸರಿನ ಮೇಲ್‌ಗಳು ಎಸ್‌ಪಿಎಫ್, ಡಿಕಿಮ್ ಪರೀಕ್ಷೆಗಳಲ್ಲಿ ಪಾಸಾದವೇ ಎಂದು ಸ್ವೀಕರಿಸುವ ಸರ್ವರ್‌ಗಳು ಕಳಿಸುವ ಡಿಮಾರ್ಕ್ ವರದಿಗಳು, ಇವೇ ಹೆಚ್ಚು ಹೇಳುತ್ತವೆ.

ಡಿಮಾರ್ಕ್ ವರದಿಗಳನ್ನು ನಾವೂ ತರಿಸಿಕೊಳ್ಳುತ್ತಿದ್ದೇವೆ. ಸದ್ಯ ನಮ್ಮ ದಾಖಲೆ `p=none`, ಅಂದರೆ ಪಾಸಾಗದ ಮೇಲನ್ನು ಏನು ಮಾಡಬೇಕೆಂದು ನಾವು ಹೇಳುತ್ತಿಲ್ಲ, ವರದಿ ಮಾತ್ರ ಕೇಳುತ್ತಿದ್ದೇವೆ. ಬಿಲ್ ಸೇವೆಯ ಎಲ್ಲ ಮೇಲ್‌ಗಳೂ ನಮ್ಮ ಡೊಮೇನ್ ಹೆಸರಿಗೆ ಹೊಂದಿಕೊಂಡು ಪಾಸಾಗುತ್ತಿರುವುದು ವರದಿಗಳಲ್ಲಿ ಖಚಿತವಾದ ಮೇಲೆ ಅದನ್ನು `p=quarantine` ಮಾಡುತ್ತೇವೆ, ಅಂದರೆ ಪಾಸಾಗದ್ದನ್ನು ಸ್ಪ್ಯಾಮ್‌ಗೆ ಹಾಕಿ ಎಂದು ಹೇಳುತ್ತೇವೆ. ಅದನ್ನು ಹಂಗಾಮು ಶುರುವಾಗುವ ಮೊದಲೇ, ನವೆಂಬರ್‌ನಲ್ಲಿ ಮುಗಿಸಬೇಕೆಂದಿದ್ದೇನೆ. ಜನವರಿಯಲ್ಲಿ ಡಿಎನ್‌ಎಸ್ ಮುಟ್ಟುವುದು ಬೇಡ.