ಸಾರಥಿಯ ‘ಹೌದು’ ಇಂಗ್ಲಿಷಿಗೆ ಹೋಗುವಾಗ

ಬಯಲಾಟದ ಪಾತ್ರಪ್ರವೇಶವನ್ನು ಇಂಗ್ಲಿಷಿಗೆ ತರುವವರ ಮುಂದೆ ಎರಡು ದಾರಿಗಳಿವೆ. ಈ ಮಾದರಿಯ ಮಾತನ್ನೇ ನೋಡಿ:

“ಎಲೈ ಸಾರಥಿ, ನಾವು ಯಾರೆಂದು ಕೇಳುವೆಯಾ?”
“ಹೌದು ಪ್ರಭು.”
“ಹಸ್ತಿನಾವತಿಯನ್ನಾಳುವ ಕೌರವನೆಂದು ತಿಳಿ!”

ಮೊದಲನೆಯದು ವಾಕ್ಯಕ್ಕೆ ವಾಕ್ಯ: “ನೋ ಮಿ ಆ್ಯಸ್ ಕೌರವ, ಹೂ ರೂಲ್ಸ್ ಹಸ್ತಿನಾವತಿ.” ಅರ್ಥ ಪೂರ್ತಿ ಬಂತು. ಆದರೆ ಕನ್ನಡದಲ್ಲಿ ಊರು, ಆಳ್ವಿಕೆ, ಹೆಸರು ಎಂದು ಏರುವ ಮಾತು ಇಲ್ಲಿ ಹೆಸರಿನಿಂದಲೇ ಶುರುವಾಗಿ ಇಳಿದುಬಿಡುತ್ತದೆ. ಮದ್ದಳೆಗೆ ಪೆಟ್ಟು ಹಾಕಲು ಜಾಗವಿಲ್ಲ.

ಎರಡನೆಯದು ಉಸಿರಿಗೆ ಉಸಿರು. ಉದ್ದ ವಾಕ್ಯವನ್ನು ಮುರಿದು ಸಾರಥಿಗೆ ಇನ್ನೊಂದು ಸರದಿ ಕೊಡುವುದು:

“ಹಸ್ತಿನಾವತಿ ಹ್ಯಾಸ್ ಎ ಕಿಂಗ್.”
“ಹಿಸ್ ನೇಮ್, ಮೈ ಲಾರ್ಡ್?”
“ಕೌರವ!”

ಮೂಲದಲ್ಲಿಲ್ಲದ ಪ್ರಶ್ನೆಯೊಂದು ಸೇರಿತು, ನಿಜ. ಹೆಸರು ಮಾತ್ರ ಪೆಟ್ಟಿನ ಮೇಲೆಯೇ ಬಿತ್ತು.

ಅಧ್ಯಯನಕ್ಕೆ, ಅಚ್ಚಿಗೆ ಮೊದಲನೆಯದೇ ಸರಿ. ಸೇರಿಸಿದ ಮಾತು ಅಲ್ಲಿ ಓದುಗರಿಗೆ ಮಾಡುವ ಮೋಸ. ಆಡಿಸುವುದಾದರೆ ನಾನು ಎರಡನೆಯದನ್ನೇ ಹಿಡಿಯುತ್ತೇನೆ, ಅದರಲ್ಲೂ ಗೊಂಬೆಯಾಟಕ್ಕೆ. ಗೊಂಬೆಯ ಮುಖ ಬದಲಾಗದು, ಎದುರುತ್ತರವೇ ಅದಕ್ಕೆ ಜೀವ. ಇಬ್ಬರು ಗಟ್ಟಿಯಾಗಿ ಓದಿ ನೋಡಿ: ಸಾರಥಿ ಎಲ್ಲಿ ಬಾಯಿ ಹಾಕಬೇಕೆಂದು ತಡವರಿಸಿದರೆ, ವಾಕ್ಯವನ್ನು ಅಲ್ಲೇ ಮುರಿಯಬೇಕು.