ವಿದೇಶದಲ್ಲಿರುವ ಮಕ್ಕಳಿಗೆ ಹಣ ಕಳಿಸುವಾಗ ಕಮಿಷನ್ ಒಂದನ್ನೇ ನೋಡಬೇಡಿ: 18 ಯೂರೊ ಕಡಿಮೆ ತಲುಪಿದ ನಮ್ಮ ಅನುಭವ

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆ. ಮಗಳು ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಮೊದಲ ವರ್ಷದ ಹಣವನ್ನು ಶಿಕ್ಷಣ ಸಾಲ ಕೊಟ್ಟ ಬ್ಯಾಂಕೇ ಕಳಿಸಿತ್ತಾದ್ದರಿಂದ ಅದರ ಒಳಗುಟ್ಟು ನಮಗೆ ತಿಳಿದಿರಲಿಲ್ಲ. ಎರಡನೆಯ ವರ್ಷಕ್ಕೆ ಅಡಿಕೆ ಮಾರಿದ ಹಣವನ್ನೇ ಕಳಿಸಲು 2025ರ ಆಗಸ್ಟ್‌ನಲ್ಲಿ ನಾನೇ ಬ್ಯಾಂಕಿಗೆ ಹೋದೆ. ಅಲ್ಲಿ ನಾನು ಮಾಡಿದ ತಪ್ಪುಗಳನ್ನು ಲೆಕ್ಕಸಮೇತ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಸುತ್ತಲಿನ ಊರುಗಳಿಂದಲೂ ಮಕ್ಕಳು ಹೊರದೇಶಕ್ಕೆ ಹೋಗುತ್ತಿದ್ದಾರೆ ಮತ್ತು ಅವರ ಹೆತ್ತವರೂ ನನ್ನಂತೆಯೇ ಕೌಂಟರಿನ ಮುಂದೆ ನಿಂತು, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ ಬರುತ್ತಿದ್ದಾರೆ.

ಜರ್ಮನಿಯಲ್ಲಿ ಓದುವ ವಿದ್ಯಾರ್ಥಿಯು ವಾಸದ ಪರವಾನಗಿಗಾಗಿ ಒಂದು ವರ್ಷದ ಖರ್ಚಿನ ಹಣ ತನ್ನ ಬಳಿ ಇದೆಯೆಂದು ತೋರಿಸಬೇಕು. ಅದಕ್ಕೆ ಹೆಚ್ಚಿನವರು ಬಳಸುವುದು ಬ್ಲಾಕ್ಡ್ ಖಾತೆಯನ್ನು. 2025ರಲ್ಲಿ ವರ್ಷಕ್ಕೆ 11,904 ಯೂರೊ ಅದರಲ್ಲಿ ಇಟ್ಟರೆ, ತಿಂಗಳಿಗೆ 992 ಯೂರೊದಂತೆ ಮಾತ್ರ ತೆಗೆಯಲು ಬರುತ್ತಿತ್ತು. ಪೂರ್ತಿ ಮೊತ್ತ ಖಾತೆಗೆ ಬಂದ ಮೇಲೆಯೇ ದೃಢೀಕರಣ ಪತ್ರ ಸಿಗುತ್ತದೆ, ಒಂದು ಯೂರೊ ಕಡಿಮೆಯಾದರೂ ಸಿಗುವುದಿಲ್ಲ. ಮಗಳಿಗೆ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಆಗಸ್ಟ್ 26ಕ್ಕೆ ಭೇಟಿಯ ಸಮಯ ಸಿಕ್ಕಿತ್ತು.

ನಾನು ಶಾಖೆಗೆ ಹೋದದ್ದು ಆಗಸ್ಟ್ 14ರ ಗುರುವಾರ ಮಧ್ಯಾಹ್ನ. ಯಾವ ಬ್ಯಾಂಕ್ ಎಂದು ಹೇಳುವುದಿಲ್ಲ, ಅಲ್ಲಿನ ಸಿಬ್ಬಂದಿ ಒಳ್ಳೆಯವರೇ. “ಕಮಿಷನ್ ಸಾವಿರ, ಸ್ವಿಫ್ಟ್ ಶುಲ್ಕ ಐನೂರು, ಮೇಲೆ ಜಿಎಸ್‌ಟಿ ಅಷ್ಟೇ ಸರ್” ಎಂದರು. ಸ್ವಿಫ್ಟ್ ಎಂದರೆ ದೇಶದೇಶಗಳ ಬ್ಯಾಂಕುಗಳು ಪರಸ್ಪರ ಹಣದ ಸಂದೇಶ ಕಳಿಸುವ ಜಾಲ. ಹನ್ನೆರಡು ಲಕ್ಷದ ವ್ಯವಹಾರಕ್ಕೆ 1,770 ರೂಪಾಯಿ ದೊಡ್ಡದಲ್ಲ ಎನ್ನಿಸಿತು. ಯೂರೊ ದರ ಎಷ್ಟು ಎಂದು ಕೇಳಿದ್ದಕ್ಕೆ “ಇವತ್ತಿನ ಕಾರ್ಡ್ ದರ 104.60” ಎಂದರು. ದರವೆಂದರೆ ಪೇಟೆಯ ದರ, ಎಲ್ಲರಿಗೂ ಒಂದೇ ಎಂದು ನಾನು ತಿಳಿದಿದ್ದೆ. ನನ್ನ ಮೊದಲ ತಪ್ಪು ಅದೇ.

ಆ ದಿನ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ, ಮಾರುವ ದರ ಸುಮಾರು 102 ರೂಪಾಯಿ ಇತ್ತು. ಮೊಬೈಲಿನಲ್ಲಿ ಹುಡುಕಿದರೆ ಕಾಣುವುದು ಈ ದರವೇ. ನಮ್ಮಂಥವರಿಗೆ ಅದು ಪೂರ್ತಿ ಸಿಗುವುದಿಲ್ಲ ನಿಜ. ಬ್ಯಾಂಕು ಅದರ ಮೇಲೆ ತನ್ನ ಪಾಲನ್ನು ಸೇರಿಸಿ, ಬೆಳಿಗ್ಗೆ ಒಮ್ಮೆ ಟಿಟಿ ಸೆಲ್ಲಿಂಗ್ ದರವೆಂದು ಪ್ರಕಟಿಸುತ್ತದೆ, ಅದನ್ನೇ ಕಾರ್ಡ್ ದರ ಎನ್ನುತ್ತಾರೆ. ನನ್ನ ವಿಷಯದಲ್ಲಿ ಆ ಪಾಲು ಯೂರೊಗೆ 2 ರೂಪಾಯಿ 60 ಪೈಸೆ, ಎಂದರೆ 11,904 ಯೂರೊಗೆ 30,950 ರೂಪಾಯಿ. ರಸೀದಿಯ ಯಾವ ಸಾಲಿನಲ್ಲಿಯೂ ಇದು ಶುಲ್ಕವೆಂದು ಕಾಣಿಸಲಿಲ್ಲ. ಅರ್ಧ ಕ್ವಿಂಟಾಲಿಗೂ ಹೆಚ್ಚು ರಾಶಿ ಅಡಿಕೆಯ ಬೆಲೆ ದರದೊಳಗೆ ಸದ್ದಿಲ್ಲದೆ ಹೋಯಿತು, ನಾನು 1,770 ರೂಪಾಯಿಯ ಲೆಕ್ಕವನ್ನು ಮಾತ್ರ ನೋಡುತ್ತಿದ್ದೆ.

ಆಮೇಲೆ ವಿಚಾರಿಸಿದಾಗ ತಿಳಿದ ಸಂಗತಿ ಇನ್ನೂ ನೋವು ಕೊಟ್ಟಿತು. ಅದೇ ವಾರ ಅದೇ ಬ್ಯಾಂಕಿನ ನೆಟ್‌ಬ್ಯಾಂಕಿಂಗ್‌ನಲ್ಲಿ ದರ ಒಂದು ರೂಪಾಯಿ ಕಡಿಮೆ ಇತ್ತು. ಅಲ್ಲಿ ದಿನಕ್ಕೆ ಇಷ್ಟೇ ಎಂಬ ಮಿತಿಯಿದ್ದುದರಿಂದ ಎರಡು ದಿನ ಎರಡು ಕಂತಿನಲ್ಲಿ ಕಳಿಸಬೇಕಾಗುತ್ತಿತ್ತು, ಎರಡು ಬಾರಿ ಶುಲ್ಕ ಬೀಳುತ್ತಿತ್ತು, ಆದರೂ ಹತ್ತು ಸಾವಿರದಷ್ಟು ಉಳಿಯುತ್ತಿತ್ತು. ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ವಿದೇಶಿ ವಿನಿಮಯ ಸಂಸ್ಥೆಯೊಂದು ಆನ್‌ಲೈನ್‌ನಲ್ಲಿ 102.70ರ ದರ ಹೇಳಿತ್ತು, ಎಂದರೆ ನಾನು ಕೊಟ್ಟದ್ದಕ್ಕಿಂತ 22,617 ರೂಪಾಯಿ ಕಡಿಮೆ. ಮೊತ್ತ ದೊಡ್ಡದಾದಾಗ ಶಾಖೆಯವರೇ ತಮ್ಮ ಖಜಾನೆ ವಿಭಾಗಕ್ಕೆ ಕರೆ ಮಾಡಿ ಕಾರ್ಡ್ ದರಕ್ಕಿಂತ ಉತ್ತಮ ದರ ತರಿಸಬಹುದು ಎಂಬುದೂ ನನಗೆ ಗೊತ್ತಿರಲಿಲ್ಲ. ಕೇಳದೆ ಯಾರೂ ತರಿಸಿ ಕೊಡುವುದಿಲ್ಲ. ಹಾಗಾಗಿ ಕಮಿಷನ್ ಎಷ್ಟು ಎಂದು ಕೇಳುವ ಬದಲು, “ಆ ಖಾತೆಗೆ 11,904 ಯೂರೊ ಪೂರ್ತಿ ಮುಟ್ಟಬೇಕಾದರೆ ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ” ಎಂದು ಒಂದೇ ದಿನ, ಒಂದೇ ಹೊತ್ತಿಗೆ ಮೂರು ಕಡೆ ಕೇಳಿ ಬರೆದಿಟ್ಟುಕೊಳ್ಳಿ. ಪೇಟೆಯ ದರ ಗಂಟೆಗಂಟೆಗೂ ಬದಲಾಗುವುದರಿಂದ, ನಿನ್ನೆ ಒಬ್ಬರು ಹೇಳಿದ್ದನ್ನು ಇಂದು ಇನ್ನೊಬ್ಬರು ಹೇಳಿದ್ದರೊಡನೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಪೇಟೆಯಲ್ಲಿ ವಿದೇಶದಿಂದ ಬಂದ ಹಣವನ್ನು ಕೈಗೆ ಕೊಡುವ ಕೌಂಟರುಗಳಿವೆಯಲ್ಲ, ಅಲ್ಲಿಂದ ಕಳಿಸಲೂ ಆಗಬಹುದೆಂದು ಕೆಲವರು ತಿಳಿದಿದ್ದಾರೆ. ಅವು ನಡೆಯುವ ಎಂಟಿಎಸ್‌ಎಸ್ ಎಂಬ ವ್ಯವಸ್ಥೆ ದೇಶದೊಳಗೆ ಬರುವ ಹಣಕ್ಕೆ ಮಾತ್ರ. ನಮ್ಮ ಯುಪಿಐಯಿಂದಲೂ ಜರ್ಮನಿಯ ಖಾತೆಗೆ ಹಣ ಹೋಗುವುದಿಲ್ಲ.

ಇನ್ನು ಎರಡನೆಯ ತಪ್ಪಿನ ವಿಚಾರ. ಹೊರದೇಶಕ್ಕೆ ಹಣ ಕಳಿಸಲು ಪ್ಯಾನ್ ಕಡ್ಡಾಯ, ಎ2 ಎಂಬ ಅರ್ಜಿಯನ್ನೂ ತುಂಬಬೇಕು. ದಾರಿಯಲ್ಲಿ ಆಗುವ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಬ್ಯಾಂಕಿನ ಅರ್ಜಿಯಲ್ಲಿರುತ್ತದೆ. `OUR` ಎಂದರೆ ಎಲ್ಲ ಖರ್ಚು ಕಳಿಸುವವರದು, `SHA` ಎಂದರೆ ನಮ್ಮ ಬ್ಯಾಂಕಿನ ಖರ್ಚು ನಮ್ಮದು, ಮುಂದಿನದು ಪಡೆಯುವವರದು, `BEN` ಎಂದರೆ ಎಲ್ಲವೂ ಪಡೆಯುವವರದು. ನನ್ನ ಅರ್ಜಿಯಲ್ಲಿ `SHA` ಎಂದು ಗುರುತು ಹಾಕಲಾಗಿತ್ತು. ಅದೇನೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನಮ್ಮ ಬ್ಯಾಂಕಿಗೆ ಮಗಳ ಖಾತೆಯಿರುವ ಬ್ಯಾಂಕಿನೊಡನೆ ನೇರ ವ್ಯವಹಾರ ಇಲ್ಲದಿದ್ದರೆ, ಹಣ ಮಧ್ಯದಲ್ಲಿ ಇನ್ನೊಂದು ಬ್ಯಾಂಕಿನ ಮೂಲಕ ಹಾದುಹೋಗುತ್ತದೆ. ಆ ಮಧ್ಯದ ಬ್ಯಾಂಕು ತನ್ನ ಕೂಲಿಯನ್ನು ಹೋಗುತ್ತಿರುವ ಹಣದಿಂದಲೇ ಮುರಿದುಕೊಳ್ಳುತ್ತದೆ. ನಮ್ಮ ಶಾಖೆಯಲ್ಲಿ ವಿದೇಶಿ ವಿನಿಮಯದ ಕೆಲಸ ಇಲ್ಲದ್ದರಿಂದ ಕಾಗದಗಳು ಬೆಂಗಳೂರಿನ ವಿಭಾಗಕ್ಕೆ ಹೋಗಬೇಕಿತ್ತು, ಅಲ್ಲಿನ ಅಂದಿನ ಸಮಯ ಮುಗಿದಿತ್ತು. ಮರುದಿನ ಸ್ವಾತಂತ್ರ್ಯ ದಿನ, ನಂತರ ವಾರಾಂತ್ಯ. ಹೀಗೆ ಹಣ ಹೊರಟದ್ದು ಸೋಮವಾರ 18ರಂದು, ತಲುಪಿದ್ದು 20ರಂದು. ಮರುದಿನ ಮಗಳು ಕರೆ ಮಾಡಿ, “ಅಪ್ಪ, 11,886 ಮಾತ್ರ ಬಂದಿದೆ, ಪತ್ರ ಕೊಡುವುದಿಲ್ಲವಂತೆ” ಎಂದಳು. 18 ಯೂರೊ ದಾರಿಯಲ್ಲಿ ಮುರಿದುಹೋಗಿತ್ತು.

ಸ್ವಲ್ಪ ಹೆಚ್ಚೇ ಇರಲಿ ಎಂದು 50 ಯೂರೊ ಕಳಿಸಲು ಶುಕ್ರವಾರ ಮತ್ತೆ ಶಾಖೆಗೆ ಹೋದೆ. ಈ ಬಾರಿ `OUR` ಎಂದು ಬರೆಸಿದೆ. ಅದಕ್ಕೆ ಬೇರೆಯೇ 1,500 ರೂಪಾಯಿ ಮತ್ತು ಜಿಎಸ್‌ಟಿ. ಹಳೆಯ ಕಮಿಷನ್, ಸ್ವಿಫ್ಟ್ ಶುಲ್ಕ ಎಲ್ಲ ಹೊಸದಾಗಿ ಬಿದ್ದವು. ರೂಪಾಯಿಯನ್ನು ಯೂರೊಗೆ ಬದಲಾಯಿಸಿದ್ದಕ್ಕೆ ಬೀಳುವ 45 ರೂಪಾಯಿ ಜಿಎಸ್‌ಟಿಯೂ ಸೇರಿ, ಯೂರೊಗಳ ಬೆಲೆಯನ್ನು ಬಿಟ್ಟೇ 3,585 ರೂಪಾಯಿ ಶುಲ್ಕವಾಯಿತು. ಮರುದಿನ ನಾಲ್ಕನೆಯ ಶನಿವಾರ, ಬ್ಯಾಂಕು ರಜೆ. ಹಣ ಮುಟ್ಟಿದ್ದು ಗಣೇಶ ಚತುರ್ಥಿಯ ದಿನ 27ಕ್ಕೆ, ಭೇಟಿಯ ಸಮಯ ಕಳೆದ ಮರುದಿನ. ಮಗಳು ಪತ್ರವಿಲ್ಲದೆ ಕಚೇರಿಗೆ ಹೋಗಿ, ಬೇರೆ ದಿನ ಕೇಳಿಕೊಂಡು ಮೂರು ವಾರ ಆತಂಕದಲ್ಲಿ ಕಳೆದಳು. ಇಲ್ಲಿ ಮಳೆಯ ನಡುವೆ ಬೋರ್ಡೊ ಹೊಡೆಸುವ ಗಡಿಬಿಡಿಯಲ್ಲಿದ್ದ ನನಗೆ, ಅವಳ ಆ ದನಿ ಈಗಲೂ ಮರೆಯುವುದಿಲ್ಲ.

`OUR` ಎಂದು ಬರೆಸಿದರೂ ದಾರಿಯಲ್ಲಿ ಕೆಲವೊಮ್ಮೆ ಮುರಿಯುವುದುಂಟು. ಆದ್ದರಿಂದ ಇಂತಿಷ್ಟೇ ಮುಟ್ಟಬೇಕೆಂಬ ಖಾತೆಗೆ ಕಳಿಸುವಾಗ ಮೂವತ್ತು ನಲವತ್ತು ಯೂರೊ ಹೆಚ್ಚು ಸೇರಿಸಿಯೇ ಕಳಿಸುವುದು ಒಳ್ಳೆಯದು. ಹಣ ಹೊರಟ ದಿನವೇ ಸ್ವಿಫ್ಟ್ ಸಂದೇಶದ ಪ್ರತಿಯನ್ನು ಕೇಳಿ ಪಡೆಯಿರಿ. ದಾರಿಯ ಖರ್ಚು ಯಾರದೆಂದು ಅದರಲ್ಲಿ ಕಾಣುತ್ತದೆ, 2025ರ ನವೆಂಬರ್‌ವರೆಗಿನ ಹಳೆಯ ಮಾದರಿಯಲ್ಲಿ ಅದು `71A` ಎಂಬ ಸಾಲಿನ ಮುಂದೆ `OUR` ಅಥವಾ `SHA` ಎಂದಿರುತ್ತಿತ್ತು. ಖಾತೆಯವರು ಕೊಟ್ಟ ಉಲ್ಲೇಖ ಸಂಖ್ಯೆ ಸರಿಯಾಗಿ ಸೇರಿದೆಯೇ ಎಂಬುದನ್ನೂ ಅದರಲ್ಲೇ ನೋಡಬಹುದು. ಹಣ ಎಲ್ಲಿದೆ ಎಂದು ಬ್ಯಾಂಕು ಪತ್ತೆ ಮಾಡಲು ಬೇಕಾದ `UETR` ಎಂಬ ಉದ್ದನೆಯ ಸಂಖ್ಯೆಯನ್ನೂ ಕೇಳಿ ಇಟ್ಟುಕೊಳ್ಳಿ.

ಇದೇ ಪರದಾಟದ ದಿನಗಳಲ್ಲಿ ಪರಿಚಯದವರೊಬ್ಬರು, ರೂಪಾಯಿಯನ್ನು ತಮಗೆ ಇಲ್ಲಿ ಕೊಟ್ಟರೆ ಅಲ್ಲಿರುವ ತಮ್ಮ ಸಂಬಂಧಿಕರು ಒಂದೇ ಗಂಟೆಯಲ್ಲಿ ಮಗಳ ಕೈಗೆ ಯೂರೊ ಕೊಡುತ್ತಾರೆಂದು ಹೇಳಿದರು. ದರವೂ ಚೆನ್ನಾಗಿತ್ತು. ಅದು ಹವಾಲಾ. ವಿದೇಶಿ ವಿನಿಮಯ ನಿರ್ವಹಣೆಯ 1999ರ ಫೆಮಾ ಕಾಯಿದೆಯಡಿ ಸಿಕ್ಕಿಬಿದ್ದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ಹಣ ಎಲ್ಲಿಂದ ಬಂತೆಂದು ತೋರಿಸಲು ಮಗಳ ಬಳಿ ಒಂದು ಕಾಗದವೂ ಇರುವುದಿಲ್ಲ. ನಾನು ಒಪ್ಪಲಿಲ್ಲ, ದಯವಿಟ್ಟು ನೀವೂ ಒಪ್ಪಬೇಡಿ.

ಕೊನೆಯದಾಗಿ, ಕೃಷಿಕರು ವಿಶೇಷವಾಗಿ ಗಮನಿಸಬೇಕಾದ ಟಿಸಿಎಸ್, ಎಂದರೆ ಮೂಲದಲ್ಲೇ ವಸೂಲಿಯಾಗುವ ತೆರಿಗೆಯ ವಿಷಯ. 2025ರ ಏಪ್ರಿಲ್‌ನಿಂದ, ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಎಲ್ಲ ಬ್ಯಾಂಕುಗಳ ಮೂಲಕ ಒಟ್ಟು 10 ಲಕ್ಷ ರೂಪಾಯಿಗಿಂತ ಹೆಚ್ಚು ಕಳಿಸಿದರೆ, ಹೆಚ್ಚಾದ ಭಾಗದ ಮೇಲೆ ಬ್ಯಾಂಕು ತೆರಿಗೆ ವಸೂಲಿ ಮಾಡುತ್ತದೆ. ನಾನು ಕಳಿಸಿದಾಗ ಶಿಕ್ಷಣಕ್ಕೆ ಅದು ಶೇಕಡ 5 ಇತ್ತು, ಕುಟುಂಬದ ನಿರ್ವಹಣೆಯ ಹಣಕ್ಕೆ ಶೇಕಡ 20. ಅರ್ಜಿಯಲ್ಲಿ ಶಿಕ್ಷಣದ ಸಂಕೇತ `S0305` ಇದೆಯೇ ಎಂದು ನೋಡಿಯೇ ಸಹಿ ಹಾಕಿ, ಅದೊಂದನ್ನು ಮಗಳು ಮೊದಲೇ ಹೇಳಿದ್ದರಿಂದ ನಾನು ಉಳಿದುಕೊಂಡೆ. ನನ್ನ 12,45,158 ರೂಪಾಯಿಯಲ್ಲಿ 10 ಲಕ್ಷ ಕಳೆದು ಉಳಿದುದಕ್ಕೆ 12,258 ರೂಪಾಯಿ ಮುರಿದರು. ಶಿಕ್ಷಣ ಸಾಲದಿಂದಲೇ ಹೋಗಿದ್ದರೆ ಇದು ಇರುತ್ತಿರಲಿಲ್ಲ. ಆ ಮಿತಿ ಪ್ರತಿಯೊಂದು ಪ್ಯಾನಿಗೂ ಬೇರೆಬೇರೆ. ನನ್ನ ಹೆಂಡತಿಯ ಹೆಸರಿನಲ್ಲಿಯೂ ತೋಟವಿದೆ, ಖಾತೆ ಮತ್ತು ಪ್ಯಾನ್ ಇವೆ. ಹೆಚ್ಚಿನ ಎರಡೂವರೆ ಲಕ್ಷವನ್ನು ಅವಳು ತನ್ನ ಹಣದಿಂದ ಕಳಿಸಿದ್ದರೆ, ಇನ್ನೊಂದು ಕಮಿಷನ್ ಬಿದ್ದರೂ ಟಿಸಿಎಸ್ ಇರುತ್ತಿರಲಿಲ್ಲ.

ಹೀಗೆ ಮುರಿದ ಹಣ ಕಳೆದುಹೋದದ್ದಲ್ಲ, ಪ್ಯಾನಿನಡಿ 26ಎಎಸ್ ಪಟ್ಟಿಯಲ್ಲಿ ಜಮೆಯಾಗಿ ಕಾಣುತ್ತದೆ. ಆದರೆ ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ನಮ್ಮಲ್ಲಿ ಅನೇಕರು ರಿಟರ್ನ್ ಸಲ್ಲಿಸುವುದೇ ಇಲ್ಲ, ರಿಟರ್ನ್ ಸಲ್ಲಿಸದಿದ್ದರೆ ಈ ಹಣ ತಾನಾಗಿ ಹಿಂದಿರುಗುವುದೂ ಇಲ್ಲ. ನಾನು ಬ್ಯಾಂಕಿನಿಂದ ಟಿಸಿಎಸ್ ಮುರಿದುದಕ್ಕೆ ಕೊಡುವ 27ಡಿ ಪ್ರಮಾಣಪತ್ರ ಕೇಳಿದ್ದೇನೆ, ಶಿವಮೊಗ್ಗದ ಲೆಕ್ಕಪರಿಶೋಧಕರಿಗೆ ಕಾಗದಗಳನ್ನು ಕೊಟ್ಟಿದ್ದೇನೆ. 2025-26ನೇ ಆರ್ಥಿಕ ವರ್ಷದ ರಿಟರ್ನ್ ಸಲ್ಲಿಸಿದ ಮೇಲೆ ಆ 12,258 ರೂಪಾಯಿ ಮರಳಿ ಬರಬೇಕು.